ವಿಪಿಎಫ್ ಜಾಸ್ತಿ ಕಟ್ಟುತ್ತಿದ್ದೀರಾ? ಆ ಬಡ್ಡಿಯನ್ನು ರಿಟರ್ನ್‌ನಲ್ಲಿ ಎಲ್ಲಿ ತೋರಿಸಿದ್ದೀರಿ ಅಂತ ಒಮ್ಮೆ ನೋಡಿ

2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯಿಂದ ನನಗೊಂದು ಮೆಸೇಜ್ ಬಂತು. ನೀವು ಹಾಕಿದ ರಿಟರ್ನ್‌ಗೂ ನಮ್ಮಲ್ಲಿರುವ ಮಾಹಿತಿಗೂ ತಾಳೆಯಾಗುತ್ತಿಲ್ಲ, ನೋಡಿ ಸರಿಪಡಿಸಿ ಅಂತ. ನನಗೆ ಸಂಬಳ ಬಿಟ್ಟರೆ ಬೇರೆ ಆದಾಯ ಇಲ್ಲ. ಶೇರು, ಬಾಡಿಗೆ ಏನೂ ಇಲ್ಲ. ಯಾರೋ ನನ್ನ ಪ್ಯಾನ್ ನಂಬರ್ ದುರುಪಯೋಗ ಮಾಡಿದ್ದಾರೆ ಅಂತಲೇ ಮೊದಲು ಹೆದರಿದೆ. ಪೋರ್ಟಲ್‌ಗೆ ಹೋಗಿ ಎಐಎಸ್, ಅಂದರೆ ನಮ್ಮ ಆದಾಯದ ಬಗ್ಗೆ ಇಲಾಖೆಯ ಬಳಿ ಇರುವ ಮಾಹಿತಿಯ ಪಟ್ಟಿ, ತೆರೆದರೆ ಅಲ್ಲೊಂದು ಸಾಲು ಇತ್ತು. ಬಡ್ಡಿ 20,166 ರೂಪಾಯಿ, ಸೆಕ್ಷನ್ 194A, ಟಿಡಿಎಸ್ 2,017 ರೂಪಾಯಿ. ಕೊಟ್ಟವರು ಪಿಎಫ್ ಕಚೇರಿ.

ಪಿಎಫ್ ಬಡ್ಡಿಗೆ ತೆರಿಗೆ ಇಲ್ಲ ಅಂತ ನಾನು ನಂಬಿಕೊಂಡಿದ್ದೆ. ಆ ನಂಬಿಕೆಯಿಂದ ಮೂರು ವರ್ಷದ ರಿಟರ್ನ್ ತಪ್ಪಾಗಿತ್ತು. ಸಂಬಳದಿಂದ ವಿಪಿಎಫ್‌ಗೆ, ಅಂದರೆ ಪಿಎಫ್‌ಗೆ ನಾವಾಗಿಯೇ ಹೆಚ್ಚುವರಿ ಕಟ್ಟುವ ಪಾಲಿಗೆ, ದೊಡ್ಡ ಮೊತ್ತ ಹಾಕುತ್ತಿರುವ ಯಾರಿಗೂ ಹೀಗಾಗಬಾರದು ಅಂತ ಇದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ. ಸೆಕ್ಷನ್ ನಂಬರ್‌ಗಳೆಲ್ಲ 1961ರ ಕಾಯ್ದೆಯವು. ನನ್ನ ರಿಟರ್ನ್‌ಗಳು ಅದರ ಕೆಳಗೇ ಬರುತ್ತವೆ.

ಮೊದಲು ನನ್ನ ಲೆಕ್ಕ ಹೇಳುತ್ತೇನೆ. ಸುಲಭವಾಗಲಿ ಅಂತ ನಡುವೆ ಸಂಬಳ ಏರಿದ್ದನ್ನು ಬಿಟ್ಟಿದ್ದೇನೆ. ನನ್ನ ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ ಒಂದೂವರೆ ಲಕ್ಷ. ಅದರ ಶೇಕಡಾ 12 ಅಂದರೆ 18,000 ಪಿಎಫ್‌ಗೆ ಹೋಗುತ್ತದೆ. 2021ರ ಏಪ್ರಿಲ್‌ನಿಂದ ಅದರ ಜೊತೆ ತಿಂಗಳಿಗೆ 20,000 ವಿಪಿಎಫ್ ಶುರು ಮಾಡಿದೆ. ಮಗಳ ಓದಿಗೆ ಆಗುತ್ತೆ, ಬ್ಯಾಂಕ್ ಎಫ್‌ಡಿಗಿಂತ ಬಡ್ಡಿ ಜಾಸ್ತಿ, ತೆರಿಗೆ ಬೇರೆ ಇಲ್ಲ ಅಂತ. ಎರಡೂ ಸೇರಿ ತಿಂಗಳಿಗೆ 38,000, ವರ್ಷಕ್ಕೆ 4,56,000.

ಅದೇ 2021ರ ಏಪ್ರಿಲ್ 1ರಿಂದ ನಿಯಮ ಬದಲಾಗಿತ್ತು. ಉದ್ಯೋಗಿ ತನ್ನ ಕೈಯಿಂದ ವರ್ಷಕ್ಕೆ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಕಟ್ಟಿದರೆ, ಆ ಜಾಸ್ತಿ ಹಣದ ಬಡ್ಡಿಗೆ ತೆರಿಗೆ. ಕಂಪನಿ ಹಾಕುವ ಪಾಲು ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಮಾಲೀಕರ ಪಾಲೇ ಇಲ್ಲದ ಜಿಪಿಎಫ್‌ನಂಥ ಖಾತೆಗಳಿಗೆ ಮಿತಿ ಐದು ಲಕ್ಷ. 2021ರ ಮಾರ್ಚ್ 31ಕ್ಕೆ ಇದ್ದ ಹಳೇ ಹಣ ಸೇಫ್, ಅದರ ಬಡ್ಡಿಗೆ ಇಂದಿಗೂ ತೆರಿಗೆ ಇಲ್ಲ. ಆದರೆ ಅಲ್ಲಿಂದ ಮುಂದೆ ನಿಮ್ಮ ಪಿಎಫ್ ಒಳಗೇ ಎರಡು ಲೆಕ್ಕ ಹುಟ್ಟುತ್ತವೆ. ತೆರಿಗೆ ಇಲ್ಲದ ಖಾತೆ ಒಂದು, ತೆರಿಗೆ ಇರುವ ಖಾತೆ ಒಂದು. ನಿಯಮ 9D ಹೇಳುವುದು ಇದನ್ನೇ.

ನನ್ನ ವಿಷಯದಲ್ಲಿ ಏನಾಯ್ತು ಅಂದರೆ, ಮೊದಲ ಆರು ಕಂತಿಗೆ 2,28,000 ಆಯ್ತು. ಏಳನೇ ಕಂತಿನಲ್ಲಿ ಮಿತಿ ದಾಟಿತು. ಆ ಕಂತಿನ 16,000 ತೆರಿಗೆ ಖಾತೆಗೆ ಹೋಯಿತು. ಆಮೇಲಿನ ಐದು ಕಂತು ಪೂರ್ತಿ ಅಲ್ಲಿಗೇ. ವರ್ಷದ ಕೊನೆಗೆ ಆ ಖಾತೆಯಲ್ಲಿ 2,06,000. ಬಡ್ಡಿ ಲೆಕ್ಕ ತಿಂಗಳ ಬಾಕಿಯ ಮೇಲೆ, ಕಂತು ಜಮಾ ಆದ ಮುಂದಿನ ತಿಂಗಳಿಂದ. ಹಾಗಾಗಿ 2021-22ರಲ್ಲಿ ಶೇಕಡಾ 8.1ರಂತೆ ಬಂದ ತೆರಿಗೆ ಬಡ್ಡಿ ಬರೀ 3,105 ರೂಪಾಯಿ.

ನಾನು ಎಡವಿದ್ದು ಇಲ್ಲೇ. 2025ರ ಮಾರ್ಚ್‌ವರೆಗೆ, ತೆರಿಗೆ ಬಡ್ಡಿ ವರ್ಷಕ್ಕೆ 5,000 ರೂಪಾಯಿ ದಾಟದಿದ್ದರೆ ಪಿಎಫ್ ಕಚೇರಿ ಟಿಡಿಎಸ್ ಹಿಡಿಯುತ್ತಿರಲಿಲ್ಲ. ಟಿಡಿಎಸ್ ಇಲ್ಲ, ಹಾಗಾಗಿ ಹಿಡಿದ ತೆರಿಗೆಯ ವಿವರ ಇರುವ 26ASನಲ್ಲೂ ಏನೂ ಇಲ್ಲ. ರಿಟರ್ನ್‌ನಲ್ಲಿ ಮೊದಲೇ ತುಂಬಿ ಬರುವ ಅಂಕಿಗಳಲ್ಲೂ ಅದು ಕಾಣಲಿಲ್ಲ. ಟಿಡಿಎಸ್ ಹಿಡಿಯದಿದ್ದರೆ ತೆರಿಗೆ ಇಲ್ಲ ಅಂತಲ್ಲ, ಒಂದು ರೂಪಾಯಿ ಇದ್ದರೂ ನಾವೇ ತೋರಿಸಬೇಕು. ಅದು ನನಗೆ ಗೊತ್ತಿರಲಿಲ್ಲ. ಇಡೀ ಪಾಸ್‌ಬುಕ್ ಬಡ್ಡಿಯನ್ನು ಕೂಡಿಸಿ ತೆರಿಗೆ ಇಲ್ಲದ ಆದಾಯದ ಪಟ್ಟಿ, ಅಂದರೆ `Schedule EI`ನಲ್ಲಿ ಹಾಕಿ ಕೈತೊಳೆದುಕೊಂಡೆ. ಮುಂದಿನ ಎರಡು ವರ್ಷವೂ ಅದೇ ಅಭ್ಯಾಸ ಮುಂದುವರಿಯಿತು.

ಮೂರನೇ ರಿಟರ್ನ್‌ನಲ್ಲಿ ಇನ್ನೊಂದು ತಪ್ಪು ಸೇರಿಕೊಂಡಿತು. ಟಿಡಿಎಸ್ ಪಟ್ಟಿಯಲ್ಲಿ ಆ 2,017 ತಾನಾಗಿಯೇ ತುಂಬಿ ಬಂದಿತ್ತು. ಎಲ್ಲಿಯದು ಅಂತ ಯೋಚಿಸದೆ ಹಾಗೇ ಬಿಟ್ಟೆ. ರೀಫಂಡ್ ಬಂತು. ಅಂದರೆ ಬಡ್ಡಿಯನ್ನು ಆದಾಯದಲ್ಲಿ ತೋರಿಸಿಲ್ಲ, ಅದರ ಮೇಲೆ ಹಿಡಿದ ತೆರಿಗೆಯನ್ನು ಮಾತ್ರ ವಾಪಸ್ ತೆಗೆದುಕೊಂಡಿದ್ದೇನೆ. ಇಲಾಖೆಯ ಕಂಪ್ಯೂಟರ್‌ಗೆ ಇದನ್ನು ಹಿಡಿಯಲು ಕಷ್ಟವೇನಿಲ್ಲ.

ಮೆಸೇಜ್ ಹಿಡಿದುಕೊಂಡು ಪರಿಚಯದ ಆಡಿಟರ್ ಒಬ್ಬರ ಹತ್ತಿರ ಹೋದೆ. “ಸರ್, ಇಪ್ಪತ್ತು ಸಾವಿರದ ಬಡ್ಡಿ ಬಿಟ್ಟುಹೋಗಿದೆ, ಸೇರಿಸಿದರೆ ಮುಗೀತಲ್ವಾ?” ಅಂದೆ. ಅವರು ಪಾಸ್‌ಬುಕ್ ತೆರೆಯಿರಿ ಅಂದರು. ಪ್ರತಿ ವರ್ಷದ ಪಾಸ್‌ಬುಕ್‌ನ ಕೆಳಗೆ ಒಂದು ಚಿಕ್ಕ ಪಟ್ಟಿ ಇರುತ್ತದೆ, ನಾನು ಯಾವತ್ತೂ ಅಷ್ಟು ಕೆಳಗೆ ಹೋಗಿ ನೋಡಿರಲಿಲ್ಲ. ಕಟ್ಟಿದ ಹಣದಲ್ಲಿ ತೆರಿಗೆ ಇಲ್ಲದ್ದು ಎಷ್ಟು, ತೆರಿಗೆ ಇರುವುದು ಎಷ್ಟು ಅಂತ ಅಲ್ಲಿ ಬಿಡಿಸಿ ಹಾಕಿರುತ್ತಾರೆ. ಅದನ್ನು ಕ್ಯಾಲ್ಕುಲೇಟರ್ ಪಕ್ಕ ಇಟ್ಟುಕೊಂಡು ಐದು ನಿಮಿಷ ಏನೋ ಗುಣಿಸಿದರು. ಆಮೇಲೆ ಹೇಳಿದರು, “ಈ 20,166 ಇದೆಯಲ್ಲ, ಇದು 2023-24ರ ಬಡ್ಡಿ ಅಲ್ಲ. 2022-23ರದ್ದು. ಜಮಾ ಆಗಿದ್ದು ಮುಂದಿನ ವರ್ಷ, ಟಿಡಿಎಸ್ ಹಿಡಿದಿದ್ದೂ ಆಗಲೇ. ಅದಕ್ಕೇ ಇಲ್ಲಿ ಕಾಣಿಸ್ತಿದೆ.”

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಪಿಎಫ್ ಬಡ್ಡಿ ದರ ಘೋಷಣೆಯಾಗಿ, ಸರ್ಕಾರ ಒಪ್ಪಿ, ನಮ್ಮ ಖಾತೆಗೆ ಬರುವಷ್ಟರಲ್ಲಿ ಮುಂದಿನ ಹಣಕಾಸು ವರ್ಷ ಬಂದಿರುತ್ತದೆ. ಟಿಡಿಎಸ್ ಹಿಡಿಯುವುದು ಜಮಾ ಆಗುವಾಗ. ಆದರೆ ಕಾಯ್ದೆಯಲ್ಲಿರುವ ಮಾತು ಆ ವರ್ಷದಲ್ಲಿ ಸಲ್ಲಬೇಕಾದ ಬಡ್ಡಿ ಅಂತ, ಕೈಗೆ ಬಂದ ಬಡ್ಡಿ ಅಂತಲ್ಲ. ಹಾಗಾಗಿ ಎಐಎಸ್‌ನಲ್ಲಿ ಕಾಣುವ ಅಂಕಿಯನ್ನು ಹಾಗೇ ಎತ್ತಿ ಆ ವರ್ಷದ ರಿಟರ್ನ್‌ಗೆ ಹಾಕಿದರೆ ಒಂದು ವರ್ಷ ಹಿಂದೆ ಬೀಳುತ್ತೀರಿ. ನನ್ನ 2023-24ರ ನಿಜವಾದ ತೆರಿಗೆ ಬಡ್ಡಿ 8.25ರ ದರದಲ್ಲಿ ಸುಮಾರು 38,900 ಇತ್ತು. ಇಲಾಖೆ ತೋರಿಸಿದ್ದರ ಹೆಚ್ಚುಕಡಿಮೆ ಎರಡರಷ್ಟು.

ಒಂದು ವರ್ಷದಲ್ಲಿ 3,105, ಮುಂದಿನ ವರ್ಷ 20,166, ಅದರ ಮುಂದಿನ ವರ್ಷ 38,900. ನಾನು ಕಟ್ಟುವ ಹಣ ಪ್ರತಿ ವರ್ಷ ಅಷ್ಟೇ. ಆದರೂ ಹೀಗೇಕೆ ಏರಿತು? ತೆರಿಗೆ ಖಾತೆಗೆ ಒಮ್ಮೆ ಹೋದ ಹಣ ಅಲ್ಲೇ ಇರುತ್ತದೆ. ಮುಂದಿನ ವರ್ಷ ಅದರ ಮೇಲೆ ಇಡೀ ಹನ್ನೆರಡು ತಿಂಗಳ ಬಡ್ಡಿ, ಆ ಬಡ್ಡಿಯ ಮೇಲೂ ಬಡ್ಡಿ, ಎಲ್ಲದಕ್ಕೂ ತೆರಿಗೆ. ಆ ವರ್ಷ ಕಟ್ಟಿದ ಜಾಸ್ತಿ ಹಣಕ್ಕೆ ಆ ವರ್ಷ ಮಾತ್ರ ತೆರಿಗೆ ಅಂತ ಅಂದುಕೊಂಡಿರುವವರನ್ನು ನಾನು ತುಂಬಾ ಜನ ನೋಡಿದ್ದೇನೆ. ಹಾಗಲ್ಲ.

ಸರಿಪಡಿಸಲು ಮೂರು ವರ್ಷಕ್ಕೂ ಬೇರೆ ಬೇರೆ ದಾರಿ ಹಿಡಿಯಬೇಕಾಯಿತು. 2023-24ರ ರಿಟರ್ನ್ ತಿದ್ದಲು ಡಿಸೆಂಬರ್ 31ರವರೆಗೆ ಅವಕಾಶ ಇತ್ತು, ಪರಿಷ್ಕೃತ ರಿಟರ್ನ್ ಹಾಕಿದೆ. ಉಳಿದೆರಡಕ್ಕೆ ಆ ಗಡುವು ಮುಗಿದಿತ್ತು. ಅವಕ್ಕೆ ಅಪ್‌ಡೇಟೆಡ್ ರಿಟರ್ನ್, ಅಂದರೆ `ITR-U`. ಅದರಲ್ಲಿ ಬಾಕಿ ತೆರಿಗೆಯ ಮೇಲೆ ದಂಡದ ಹಾಗೆ ಇನ್ನಷ್ಟು ಕಟ್ಟಬೇಕು. 2022-23ಕ್ಕೆ ಶೇಕಡಾ 25, ಇನ್ನೂ ಹಳೆಯ 2021-22ಕ್ಕೆ ಶೇಕಡಾ 50. ನಾನು ಶೇಕಡಾ 30ರ ಸ್ಲ್ಯಾಬ್‌ನಲ್ಲಿದ್ದೇನೆ, ಸೆಸ್ ಸೇರಿದರೆ 31.2. ಮೊದಲ ವರ್ಷದ 969 ರೂಪಾಯಿ ತೆರಿಗೆ ಸುಮಾರು 1,450 ಆಯ್ತು. ಎರಡನೇ ವರ್ಷದ 6,292 ಸುಮಾರು 7,860 ಆಯ್ತು. ಮೂರನೇ ವರ್ಷಕ್ಕೆ 12,000 ಚಿಲ್ಲರೆ, ಅದರ ಜೊತೆ ತಪ್ಪಾಗಿ ತೆಗೆದುಕೊಂಡಿದ್ದ 2,017 ವಾಪಸ್, ಮೇಲೆ ಬಡ್ಡಿ. ಎಲ್ಲ ಸೇರಿ ಇಪ್ಪತ್ತೈದು ಸಾವಿರ ದಾಟಿತು. ವರ್ಷದ ಕೊನೆಯ ಎರಡು ವಾರ ರಾತ್ರಿ ಹತ್ತು ಗಂಟೆಗೆ ಪೋರ್ಟಲ್ ಮುಂದೆ ಕೂತಿದ್ದು ಬೇರೆ.

ನೀವು ಸರಿಯಾದ ಸಮಯಕ್ಕೆ ರಿಟರ್ನ್ ಹಾಕುತ್ತಿದ್ದರೆ ಬಡ್ಡಿ ಹಾಕಬೇಕಾದ ಜಾಗ ಇದು. ಇತರ ಮೂಲಗಳ ಆದಾಯದ ಪಟ್ಟಿ, `Schedule OS`. ಅಲ್ಲಿ ಬಡ್ಡಿಯ ಸಾಲುಗಳ ನಡುವೆ ಇದನ್ನು ಹುಡುಕಿ:

```
Interest accrued on contributions to provident fund to the extent taxable as per first proviso to section 10(12)
```

ಹತ್ತಿರದಲ್ಲೇ 10(11) ಅಂತಲೂ, `second proviso` ಅಂತಲೂ ಇದೇ ಥರದ ಸಾಲುಗಳಿವೆ. ಕಂಪನಿ ಕೆಲಸದ ಇಪಿಎಫ್‌ಗೆ ಬೇಕಾದದ್ದು 10(12)ರ ಮೊದಲ ಪ್ರೊವೈಸೊ. ಉಳಿದ ಬಡ್ಡಿ, ಅಂದರೆ ತೆರಿಗೆ ಇಲ್ಲದ ಖಾತೆಯದ್ದು ಮತ್ತು ಕಂಪನಿ ಪಾಲಿನದ್ದು, `Schedule EI`ಗೆ ಹೋಗುತ್ತದೆ.

ಬಡ್ಡಿಯನ್ನು ಈ ವರ್ಷ ತೋರಿಸಿ ತೆರಿಗೆ ಕಟ್ಟಿದ್ದೀರಿ, ಅದರ ಟಿಡಿಎಸ್ ಮುಂದಿನ ವರ್ಷದ 26ASನಲ್ಲಿ ಬಂತು ಅಂದರೆ ಏನು ಮಾಡೋದು? ಅದಕ್ಕೆ ಫಾರ್ಮ್ 71 ಇದೆ, 2023ರ ಅಕ್ಟೋಬರ್‌ನಿಂದ ಬಂದದ್ದು. ಟಿಡಿಎಸ್ ಹಿಡಿದ ಹಣಕಾಸು ವರ್ಷ ಮುಗಿದ ಮೇಲೆ ಎರಡು ವರ್ಷದೊಳಗೆ ಅದನ್ನು ಹಾಕಿ, ಹಳೇ ವರ್ಷಕ್ಕೆ ಆ ಟಿಡಿಎಸ್ ಕೊಡಿ ಅಂತ ಕೇಳಬಹುದು. ಎಐಎಸ್‌ನಲ್ಲಿ ಆ ಸಾಲಿನ ಎದುರು ಅಭಿಪ್ರಾಯ ಕೊಡುವ ಜಾಗದಲ್ಲಿ ಇದು ಬೇರೆ ವರ್ಷಕ್ಕೆ ಸೇರಿದ್ದು ಅಂತ ಗುರುತು ಹಾಕುವ ಆಯ್ಕೆಯೂ ಇದೆ. ನಾನು ಸಮಯಕ್ಕೆ ಸರಿಯಾಗಿ ತೋರಿಸಿರಲಿಲ್ಲ, ಹಾಗಾಗಿ ಆ 2,017ರ ಆಸೆ ಬಿಟ್ಟೆ. ಪಿಎಫ್ ಖಾತೆಗೆ ಪ್ಯಾನ್ ಜೋಡಿಸಿಲ್ಲದವರಿಗೆ ಟಿಡಿಎಸ್ ಶೇಕಡಾ 10 ಅಲ್ಲ, 20. ಇವತ್ತೇ ನೋಡಿಕೊಳ್ಳಿ.

ವಿಪಿಎಫ್ ನಿಲ್ಲಿಸಬೇಕಾ ಅಂತ ಕೇಳಿದಾಗ ಆಡಿಟರ್ ನನ್ನ ಕೈಗೇ ಕ್ಯಾಲ್ಕುಲೇಟರ್ ಕೊಟ್ಟರು. 8.25ರಲ್ಲಿ ತೆರಿಗೆ ಕಳೆದರೆ ನನಗೆ ಉಳಿಯುವುದು ಸುಮಾರು 5.7. ಮಿತಿಯೊಳಗಿನ ಹಣಕ್ಕೆ ಪೂರ್ತಿ 8.25 ಸಿಗುತ್ತದೆ. ಹಾಗಾಗಿ ನನ್ನಂಥವರು ವಿಪಿಎಫ್ ಅನ್ನು ಎರಡೂವರೆ ಲಕ್ಷ ತುಂಬುವಷ್ಟಕ್ಕೆ ಇಳಿಸುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ನನ್ನ ವಿಷಯದಲ್ಲಿ ಅದು ತಿಂಗಳಿಗೆ 2,800 ಮಾತ್ರ. ಕಡಿಮೆ ಸ್ಲ್ಯಾಬ್‌ನಲ್ಲಿರುವವರ ಲೆಕ್ಕ ಬೇರೆ ಇರಬಹುದು, ಅವರು ತಮ್ಮ ದರ ಹಾಕಿ ನೋಡಲಿ.

ನಮ್ಮ ಕಂಪನಿಯಲ್ಲಿ ವರ್ಷದ ನಡುವೆ ವಿಪಿಎಫ್ ಬದಲಿಸಲು ಬಿಡಲಿಲ್ಲ. 2025ರ ಏಪ್ರಿಲ್‌ನಿಂದ ನಿಲ್ಲಿಸಿದೆ. ಆದರೆ ಅಷ್ಟು ಹೊತ್ತಿಗೆ ತೆರಿಗೆ ಖಾತೆಯಲ್ಲಿ ಸುಮಾರು 9,33,000 ಕೂತಿತ್ತು. ಹೊಸದಾಗಿ ಒಂದು ಪೈಸೆ ಹಾಕದಿದ್ದರೂ 2025-26ಕ್ಕೆ 8.25ರ ಲೆಕ್ಕದಲ್ಲಿ ಅದರ ಬಡ್ಡಿ 77,000, ತೆರಿಗೆ 24,000. ಟಿಡಿಎಸ್ ಕಳೆದರೂ ಬಾಕಿ 10,000 ದಾಟುವುದರಿಂದ ಇನ್ನು ಅಡ್ವಾನ್ಸ್ ಟ್ಯಾಕ್ಸ್ ಕೂಡ ಕಟ್ಟಬೇಕು. ಮೊದಲ ಕಂತು ಜೂನ್ 15ಕ್ಕೆ, ಕೊನೆಯದು ಮಾರ್ಚ್ 15ಕ್ಕೆ.