ಅಮ್ಮನೇ ಬಂದರೂ ಫಾರಂನಲ್ಲಿ ಹೆಸರಿಲ್ಲದಿದ್ದರೆ ಮಗು ಸಿಗಲ್ಲ: ಅನ್‌ಅಕಂಪನೀಡ್ ಮೈನರ್ ಸೇವೆ ಬಳಸಿದವರ ಮಾತು

ಮಗಳು 6 ವರ್ಷದವಳಿದ್ದಾಗಿನಿಂದ ರಜೆ ಬಂತೆಂದರೆ ಒಬ್ಬಳೇ ವಿಮಾನ ಹತ್ತಿ ಅಜ್ಜನ ಮನೆಗೆ ಹೋಗಿ ಬರುತ್ತಾಳೆ. ಈಗ ಅವಳಿಗೆ 11. ಇಷ್ಟು ವರ್ಷ ನಾವು ಒಂದೇ ಏರ್‌ಲೈನ್‌ನ ಅನ್‌ಅಕಂಪನೀಡ್ ಮೈನರ್ ಸೇವೆ, ಅಂದರೆ ದೊಡ್ಡವರಿಲ್ಲದೆ ಒಂಟಿಯಾಗಿ ಹೋಗುವ ಮಕ್ಕಳ ಸೇವೆ, ಬಳಸಿದ್ದೇವೆ. ಕೌಂಟರ್‌ನವರ ಬಾಯಲ್ಲಿ ಅದು ಬರೀ ‘ಯು.ಎಂ.’ ಒಟ್ಟಾರೆ ತೃಪ್ತಿ ಇದೆ, ದೂರುಗಳೂ ಇವೆ. ಆದರೆ ದುಡ್ಡು ಕಟ್ಟುವ ಮೊದಲು ಈ ಸೇವೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಗೊತ್ತಿರಬೇಕು. ಹೆಚ್ಚಿನವರು ಮಗುವಿನ ಜೊತೆ ಯಾರೋ ಪಕ್ಕದಲ್ಲೇ ಕೂತು ಹೋಗುತ್ತಾರೆ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ನೀವು ದುಡ್ಡು ಕೊಡುವುದು ಮಗುವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಸಹಿ ಮಾಡಿಸಿಕೊಂಡು ದಾಟಿಸುವುದಕ್ಕೆ.

ಆ ಸಹಿಗಳ ಸರಪಳಿ ಹೀಗಿರುತ್ತದೆ. ಚೆಕ್-ಇನ್ ಕೌಂಟರ್‌ನಲ್ಲಿ ಮಗುವನ್ನು ಬಿಡಲು ಬಂದವರು ಸಹಿ ಮಾಡುತ್ತಾರೆ. ಅಲ್ಲಿಂದ ನೆಲದ ಸಿಬ್ಬಂದಿ ಕರೆದುಕೊಂಡು ಹೋಗಿ ವಿಮಾನದ ಬಾಗಿಲಲ್ಲಿ ಕ್ಯಾಬಿನ್ ಸಿಬ್ಬಂದಿಗೆ ಒಪ್ಪಿಸಿ ಅವರ ಸಹಿ ತೆಗೆದುಕೊಳ್ಳುತ್ತಾರೆ. ಇಳಿದ ಮೇಲೆ ಆ ಊರಿನ ನೆಲದ ಸಿಬ್ಬಂದಿ, ಕೊನೆಗೆ ಕರೆದುಕೊಂಡು ಹೋಗಲು ಬಂದವರು. ಆ ಫಾರಂ, ಟಿಕೆಟ್, ಗುರುತಿನ ಚೀಟಿ ಎಲ್ಲ ಮಗುವಿನ ಕೊರಳಿಗೆ ಹಾಕುವ ಒಂದು ಚೀಲದಲ್ಲಿರುತ್ತದೆ. ಯಾರ ಕೈಯಲ್ಲಿದ್ದಾಳೆ ಅಂತ ಯಾವ ಹೊತ್ತಿಗೆ ಕೇಳಿದರೂ ಕಾಗದದಲ್ಲಿ ಒಂದು ಹೆಸರು ಇರುತ್ತದೆ. ಈ ಭಾಗದಲ್ಲಿ ನನಗೆ ಒಮ್ಮೆಯೂ ಲೋಪ ಕಂಡಿಲ್ಲ.

ಈಗ ಮುಖ್ಯ ವಿಷಯ. ಫಾರಂನಲ್ಲಿ ಬಿಡುವವರ ಮತ್ತು ಕರೆದುಕೊಂಡು ಹೋಗುವವರ ಹೆಸರು, ವಿಳಾಸ, ಫೋನ್ ನಂಬರ್ ಬರೆಯಬೇಕು. ಇಬ್ಬರೂ ವಯಸ್ಕರಾಗಿರಬೇಕು, ಫೋಟೋ ಇರುವ ಮೂಲ ಗುರುತಿನ ಚೀಟಿ ತೋರಿಸಬೇಕು. ಅವರು ಅಪ್ಪ-ಅಮ್ಮನೇ ಆಗಿರಬೇಕೆಂದಿಲ್ಲ. ಅಜ್ಜ, ಚಿಕ್ಕಮ್ಮ, ಮನೆಯವರು ನಂಬುವ ಸ್ನೇಹಿತರು, ಯಾರಾದರೂ ಸರಿ. ಏರ್‌ಲೈನ್ ಸಂಬಂಧ ನೋಡುವುದಿಲ್ಲ, ಹೆಸರು ನೋಡುತ್ತದೆ. ಇದರ ಇನ್ನೊಂದು ಮುಖವೂ ಇದೆ. ಅಜ್ಜನ ಹೆಸರು ಬರೆದು, ಹೇಗೋ ಬಿಡುವು ಸಿಕ್ಕಿತೆಂದು ಆ ಊರಿಗೆ ಅಮ್ಮನೇ ಹೋಗಿ ನಿಂತರೆ ಮಗುವನ್ನು ಕೊಡುವುದಿಲ್ಲ. ಮಗು ಅಮ್ಮಾ ಎಂದು ಓಡಿ ಬಂದರೂ ಅಷ್ಟೇ. ಕೇಳಲು ಕಠಿಣ ಅನ್ನಿಸಬಹುದು. ಆದರೆ ಕೌಂಟರ್‌ನಲ್ಲಿರುವ ಹುಡುಗನಿಗೆ ಯಾರ ಮನೆಯಲ್ಲಿ ಏನು ಜಗಳ ನಡೆದಿದೆ, ಮಗು ಯಾರ ಸುಪರ್ದಿಯಲ್ಲಿರಬೇಕೆಂದು ಕೋರ್ಟ್ ಹೇಳಿದೆ ಅನ್ನುವುದು ಹೇಗೆ ಗೊತ್ತಾಗಬೇಕು? ಅವನಿಗೆ ಇರುವುದು ಆ ಕಾಗದ ಒಂದೇ. ಅಪ್ಪ-ಅಮ್ಮ ಬೇರೆಯಾಗಿರುವ ಮನೆಗಳಲ್ಲಿ ಇದನ್ನು ಮೊದಲೇ ಕೂತು ಮಾತಾಡಿಕೊಳ್ಳಬೇಕು. ಫಾರಂನಲ್ಲಿ ಯಾರ ಹೆಸರಿದೆಯೋ ಅವರಿಗೇ ಏರ್‌ಲೈನ್ ಮಗುವನ್ನು ಕೊಡುತ್ತದೆ.

ಹೆಸರನ್ನು ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಬರೆಯಿರಿ. ಮನೆಯಲ್ಲಿ ಕರೆಯುವ ಹೆಸರು, ಅರ್ಧ ಹೆಸರು ಬೇಡ. ಯಾವ ಚೀಟಿ ತರುತ್ತಾರೆ ಅಂತ ಮೊದಲೇ ಕೇಳಿ ಅದರ ಫೋಟೋ ತರಿಸಿಕೊಂಡರೆ ನೋಡಿಕೊಂಡೇ ಬರೆಯಬಹುದು. ಫೋನ್ ನಂಬರ್ ಕೂಡ ಆ ಹೊತ್ತಿಗೆ ಅವರ ಕೈಯಲ್ಲಿರುವ ಫೋನಿನದ್ದೇ ಇರಲಿ. ಮನೆಯ ನಂಬರ್ ಕೊಟ್ಟರೆ ಏರ್‌ಪೋರ್ಟ್‌ನಲ್ಲಿ ನಿಂತವರಿಗೆ ಅದರಿಂದ ಏನು ಉಪಯೋಗ?

ಈ ಕಾಗದದ ಹಟ ನಮಗೆ ಚೆನ್ನಾಗಿ ಅರ್ಥವಾಗಿದ್ದು ಕಳೆದ ರಜೆಯಲ್ಲಿ. ಕರೆದುಕೊಂಡು ಹೋಗುವವರ ಜಾಗದಲ್ಲಿ ನಮ್ಮ ಮಾವನವರ ಹೆಸರಿತ್ತು, ಬದಲಿ ವ್ಯಕ್ತಿಯ ಸಾಲಿನಲ್ಲಿ ಅತ್ತೆಯ ಹೆಸರು. ಮಗಳು ಸೆಕ್ಯುರಿಟಿ ದಾಟಿ ಒಳಗೆ ಹೋಗಿದ್ದಳು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅಷ್ಟರಲ್ಲಿ ಅತ್ತೆಯ ಫೋನ್. ಮಾವ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಾರೆ, ಅತ್ತೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಏರ್‌ಪೋರ್ಟ್‌ಗೆ ಮೈದುನನನ್ನು ಕಳಿಸುತ್ತೇನೆ, ಅವನು ಹೇಗೋ ಮಾತಾಡಿ ಕರೆದುಕೊಂಡು ಬರುತ್ತಾನೆ ಅಂದರು.

ಹಾಗೆ ಮಾತಾಡಿ ಕರೆದುಕೊಂಡು ಬರಲು ಆಗುವುದಿಲ್ಲ. ಈ ಏರ್‌ಲೈನ್‌ನಲ್ಲಿ ಹೆಸರು ಬದಲಿಸುವ ಹಕ್ಕು ಫಾರಂಗೆ ಸಹಿ ಹಾಕಿ ಮಗುವನ್ನು ಬಿಟ್ಟವರಿಗೆ ಮಾತ್ರ. ಆ ಕಡೆ ಇರುವವರು ತಾವಾಗಿ ಇನ್ನೊಬ್ಬರನ್ನು ಕಳಿಸುವಂತಿಲ್ಲ. ನಾನು ಅದೇ ಕೌಂಟರ್‌ಗೆ ವಾಪಸ್ ಹೋದೆ. ಅವರು ನನ್ನ ಗುರುತಿನ ಚೀಟಿಯನ್ನು ಮತ್ತೆ ನೋಡಿದರು. ಮೈದುನನ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರ್ ಬರೆಸಿಕೊಂಡು ಸಹಿ ಹಾಕಿಸಿದರು. ಆಮೇಲೆ ಗೇಟಿಗೆ ಹೇಳಿ ಚೀಲದಲ್ಲಿದ್ದ ಫಾರಂ ಬದಲಿಸಿದರು, ಇಳಿಯುವ ಊರಿನ ಸಿಬ್ಬಂದಿಗೂ ಸಂದೇಶ ಕಳಿಸಿದರು. ಸುಮ್ನೆ ಆಯ್ತು ಅಂದರೆ ಹೊರಡಬೇಡಿ. ಆ ಕಡೆಯವರಿಗೆ ತಲುಪಿದ್ದು ಖಾತ್ರಿಯಾಯಿತಾ ಅಂತ ಕೇಳಿ. ನಾನು ಕೇಳಿದಾಗ ಅವರು ಫೋನ್ ಮಾಡಿ, ಹೊಸ ಹೆಸರನ್ನು ಆ ಕಡೆಯವರ ಬಾಯಿಂದಲೇ ಓದಿಸಿದರು. ಅದೇ ಹೊತ್ತಿಗೆ ನಾನು ಮೈದುನನಿಗೆ ಮೂಲ ಗುರುತಿನ ಚೀಟಿ ಮರೆಯಬೇಡ, ಫೋನಿನಲ್ಲಿ ಫೋಟೋ ತೋರಿಸಿದರೆ ನಡೆಯಲ್ಲ ಅಂತ ಹೇಳಿದೆ. ವಿಮಾನ ಇಳಿಯುವ ಮೊದಲೇ ಅಲ್ಲಿನ ಸಿಬ್ಬಂದಿ ಅವನಿಗೆ ಕರೆ ಮಾಡಿ ಎಲ್ಲಿದ್ದೀರಿ ಅಂತ ವಿಚಾರಿಸಿದ್ದರಂತೆ. ಚೀಟಿ ನೋಡಿ, ಫಾರಂನ ಹೆಸರಿನೊಂದಿಗೆ ಅಕ್ಷರ ಅಕ್ಷರ ಹೋಲಿಸಿ, ಮಗಳನ್ನು ಇವರು ಯಾರಮ್ಮಾ ಅಂತಲೂ ಕೇಳಿ, ಆಮೇಲೆ ಸಹಿ ಹಾಕಿಸಿಕೊಂಡರು.

ನಾನು ಏರ್‌ಪೋರ್ಟ್‌ನಲ್ಲೇ ಇದ್ದದ್ದರಿಂದ ಇದು ಸಲೀಸಾಯಿತು. ಬಿಡುವವರು ವಿಮಾನ ಮೇಲೇರುವ ತನಕ ಕಾಯಬೇಕು ಅನ್ನುವ ನಿಯಮ ಇರುವುದೂ ಇಂಥ ಕಾರಣಗಳಿಗೇ. ಗೇಟಿನಿಂದ ಬಿಟ್ಟ ವಿಮಾನ ಕೂಡ ತೊಂದರೆ ಬಂದರೆ ವಾಪಸ್ ಬರಬಹುದು. ಆಗ ಮಗುವನ್ನು ಯಾರಿಗೆ ಕೊಡುವುದು? ಕೆಲವು ಏರ್‌ಪೋರ್ಟ್‌ಗಳಲ್ಲಿ ಬಿಡುವವರಿಗೆ ಪಾಸ್ ಕೊಟ್ಟು ಗೇಟಿನ ತನಕ ಬಿಡುತ್ತಾರೆ, ಕೆಲವು ಕಡೆ ಕೌಂಟರ್‌ನಿಂದಲೇ ಟಾಟಾ. ಎರಡೂ ಕಡೆ ಕಾಯುವ ನಿಯಮ ಒಂದೇ. ವಾಪಸ್ ಬರುವಾಗ ಪಾತ್ರಗಳು ಅದಲು ಬದಲು ಆಗುತ್ತವೆ, ಹೊಸ ಫಾರಂ ಬೇಕು. ಆಗ ಕಾಯುವವರು ಅಜ್ಜ. ಇದನ್ನು ಅವರಿಗೆ ಮೊದಲೇ ಹೇಳಿ, ಕೌಂಟರ್‌ನಲ್ಲಿ ಬಿಟ್ಟು ಮನೆಗೆ ಬಂದುಬಿಡುವವರೇ ಜಾಸ್ತಿ.

ಕರೆದುಕೊಂಡು ಹೋಗುವವರು ಬರದೇ ಹೋದರೆ? ಸಿಬ್ಬಂದಿ ಮಗುವನ್ನು ತಮ್ಮ ಹತ್ತಿರವೇ ಇಟ್ಟುಕೊಂಡು ಫಾರಂನಲ್ಲಿರುವ ನಂಬರ್‌ಗಳಿಗೆ ಒಂದೊಂದಾಗಿ ಫೋನ್ ಮಾಡುತ್ತಾರೆ. ಯಾರೂ ಸಿಗದಿದ್ದರೆ ವಾಪಸ್ ಕಳಿಸುವ ಖರ್ಚು ನಮ್ಮದೇ ಅಂತ ಷರತ್ತಿನಲ್ಲಿ ಬರೆದಿದೆ. ಹಾಗಾಗಿ ವಿಮಾನ ಇಳಿಯುವ ಹೊತ್ತಿಗಲ್ಲ, ಅದಕ್ಕಿಂತ ಮುಂಚೆಯೇ ಅವರು ಅಲ್ಲಿರಬೇಕು. ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ಕೇಳಿಟ್ಟುಕೊಳ್ಳಿ. ಕೆಲವು ಕಡೆ ಹೊರಬರುವ ಬಾಗಿಲ ಹತ್ತಿರ, ಕೆಲವು ಕಡೆ ಏರ್‌ಲೈನ್ ಕಚೇರಿಯಲ್ಲಿ. ಎಲ್ಲರ ಸಾಮಾನು ಬಂದು ಜನ ಖಾಲಿಯಾದ ಮೇಲೆ ಮಕ್ಕಳು ಬರುವುದು ಮಾಮೂಲು. ಗಾಬರಿಯಾಗಬೇಡಿ.

ನನ್ನ ದೂರು ಇರುವುದು ಬುಕಿಂಗ್ ಬಗ್ಗೆ. ಟಿಕೆಟ್ ಕೈಗೆ ಬಂದರೆ ಸೇವೆಯೂ ಸಿಕ್ಕಿತು ಅಂತ ಅಲ್ಲ. ಒಂದು ವಿಮಾನದಲ್ಲಿ ಇಷ್ಟೇ ಒಂಟಿ ಮಕ್ಕಳು ಅಂತ ಮಿತಿ ಇರುತ್ತದೆ. ನಮ್ಮ ಕೋರಿಕೆ ಬುಕಿಂಗ್‌ನಲ್ಲಿ UMNR ಅನ್ನುವ ಸಾಲಾಗಿ ಸೇರುತ್ತದೆ, ಅದು ಖಚಿತವಾದರೆ ಮಾತ್ರ ಮಗು ಹತ್ತಬಹುದು. ಬರೀ ಕೋರಿಕೆಯ ಹಂತದಲ್ಲಿದ್ದರೆ ಕೌಂಟರ್‌ನಲ್ಲಿ ಹತ್ತಿಸಿಕೊಳ್ಳುವುದಿಲ್ಲ. ಒಮ್ಮೆ ಸಹಾಯವಾಣಿಯವರು ಎಲ್ಲಾ ಆಗಿದೆ ಮೇಡಂ ಅಂದರು. ನಾನು ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿ ಅಂದಾಗ ಅದಿನ್ನೂ ಖಚಿತವಾಗಿರಲಿಲ್ಲ. ಮತ್ತೆ ಅರ್ಧ ಗಂಟೆ ಸಂಗೀತ ಕೇಳಿಸಿದರು. ಈಗ ಟಿಕೆಟ್ ತೆಗೆದುಕೊಳ್ಳುವ ಮೊದಲೇ ಫೋನಿನಲ್ಲಿ ಜಾಗ ಇದೆಯಾ ಅಂತ ಕೇಳಿ, ಖಚಿತ ಮಾಡಿಸಿಯೇ ದುಡ್ಡು ಕಟ್ಟುತ್ತೇನೆ. ಶುಲ್ಕ ಹೋಗುವುದಕ್ಕೊಂದು, ಬರುವುದಕ್ಕೊಂದು. ಟಿಕೆಟ್ ದರದಲ್ಲಿ ಅದು ಸೇರಿರುವುದಿಲ್ಲ.

ನೇರ ವಿಮಾನ ಇಲ್ಲದಿದ್ದರೆ ನಾವು ಈ ಸೇವೆಯ ಗೊಡವೆಗೇ ಹೋಗುವುದಿಲ್ಲ. ನಡುವೆ ಬೇರೆ ಏರ್‌ಲೈನ್ ಬಂದರೆ ಬಹುತೇಕ ಯಾರೂ ಒಪ್ಪುವುದೂ ಇಲ್ಲ. ದಿನದ ಕೊನೆಯ ವಿಮಾನವನ್ನೂ ನಾನು ಆರಿಸುವುದಿಲ್ಲ. ಬೆಳಗ್ಗಿನದು ರದ್ದಾದರೆ ಅದೇ ದಿನ ಇನ್ನೊಂದು ಸಿಗುವ ಸಾಧ್ಯತೆ ಇರುತ್ತದೆ, ರಾತ್ರಿಯದು ರದ್ದಾದರೆ ಬೆಳಗಿನ ತನಕ ಕಾಯಬೇಕು.

ವಿಮಾನದೊಳಗೆ ಸಿಬ್ಬಂದಿ ಆಗಾಗ ಬಂದು ಮಾತಾಡಿಸುತ್ತಾರೆ, ಅಷ್ಟೇ. ಔಷಧಿ ಕುಡಿಸುವುದಿಲ್ಲ. ಮಗು ತಾನೇ ಉಣ್ಣಬೇಕು, ಟಾಯ್ಲೆಟ್‌ಗೆ ತಾನೇ ಹೋಗಿ ಬರಬೇಕು. ಸಮಯಕ್ಕೆ ಸರಿಯಾಗಿ ಮಾತ್ರೆ ಬೇಕಿರುವ ಮಗುವಿಗೆ ಈ ಸೇವೆ ಹೊಂದುವುದಿಲ್ಲ. ದೇಶ ದಾಟುವ ಪ್ರಯಾಣವಾದರೆ ಪಾಸ್‌ಪೋರ್ಟ್, ವೀಸಾ, ಹೆತ್ತವರ ಒಪ್ಪಿಗೆ ಪತ್ರ ಹೊಂದಿಸಿಕೊಡುವುದು ಪೂರ್ತಿ ನಮ್ಮ ಕೆಲಸ.

ಮುಂದಿನ ವರ್ಷ ಮಗಳಿಗೆ 12 ತುಂಬುತ್ತದೆ. ನಮ್ಮ ಏರ್‌ಲೈನ್‌ನಲ್ಲಿ ಅಲ್ಲಿಗೆ ಈ ಸೇವೆ ಕಡ್ಡಾಯವಲ್ಲ, ಬೇಕಾದರೆ ತೆಗೆದುಕೊಳ್ಳಬಹುದು. ತೆಗೆದುಕೊಳ್ಳದಿದ್ದರೆ ಅವಳು ದೊಡ್ಡವರ ಲೆಕ್ಕ. ವಿಮಾನ ಬೇರೆ ಊರಿಗೆ ತಿರುಗಿದರೂ ಯಾರೂ ಕೈಹಿಡಿದು ಕರೆದುಕೊಂಡು ಹೋಗುವುದಿಲ್ಲ, ಹೊರಗೆ ಯಾರು ಬಂದಿದ್ದಾರೆಂದು ನೋಡುವುದೂ ಇಲ್ಲ. ಇನ್ನೂ ಒಂದೆರಡು ವರ್ಷ ದುಡ್ಡು ಕಟ್ಟೋಣ ಅಂತ ನಾವಿಬ್ಬರೂ ಅಂದುಕೊಂಡಿದ್ದೇವೆ. ಅವಳು ಒಪ್ಪಿದ್ದಾಳೆ, ಆದರೆ ಆ ಕೊರಳ ಚೀಲ ಮಾತ್ರ ಬೇಡವಂತೆ.