ಸರ್ಕ್ಯೂಟ್ ಪಾಠಕ್ಕೆ ಟಾರ್ಚ್ ಬಲ್ಬೇ? ಎಲ್‌ಇಡಿಯೇ?

ಏಳನೇ ತರಗತಿಯ ಮೊದಲ ಪ್ರಯೋಗಕ್ಕೆ 2.5 ವೋಲ್ಟ್‌ನ ಟಾರ್ಚ್ ಬಲ್ಬನ್ನೇ ಆರಿಸಿ. 1.5 ವೋಲ್ಟ್‌ನ ಒಂದು ಸೆಲ್, ಒಂದು ತಂತಿ, ಒಂದು ಬಲ್ಬ್ ಕೊಟ್ಟು “ಬೆಳಗಿಸಿ” ಎನ್ನಿ. ಬಲ್ಬನ್ನು ಹೇಗೆ ತಿರುಗಿಸಿದರೂ ಉರಿಯುತ್ತದೆ; ಅದರ ತಳಕ್ಕೂ ಲೋಹದ ಕವಚಕ್ಕೂ ಸಂಪರ್ಕ ಬೇಕೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ತಂತಿ ಬಿಸಿಯಾದರೆ ಅದು ಸೆಲ್ಲಿನ ಎರಡೂ ತುದಿಗಳನ್ನು ನೇರವಾಗಿ ಮುಟ್ಟಿದೆ, ಕೂಡಲೇ ಬಿಡಿಸಿ.

ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು, ಒಂದು ಸೆಲ್ ಸಾಲದು. ಎರಡು ಸೆಲ್ಲಿನ ಜೊತೆ 100 ಓಮ್ ರೆಸಿಸ್ಟರ್ ಹಾಕಿ, ಉದ್ದ ಕಾಲನ್ನು ಧನ ತುದಿಯ ಕಡೆಗಿಡಿ. ತಿರುಗಿಸಿಟ್ಟರೆ ಉರಿಯದು. ಆಗ ಮಗು ತಂತಿ ಕಡಿದಿದೆ ಎಂದುಕೊಳ್ಳುತ್ತದೆ.

“ಮೊದಲ ಬಲ್ಬ್ ಕರೆಂಟನ್ನು ತಿಂದುಬಿಡುತ್ತದೆ” ಎಂಬ ನಂಬಿಕೆ ಕದಲುವುದೂ ಬಲ್ಬಿನಲ್ಲೇ. ಎರಡು ಸೆಲ್ಲಿಗೆ ಎರಡು ಬಲ್ಬನ್ನು ಸರಣಿಯಲ್ಲಿ ಜೋಡಿಸಿದರೆ ಎರಡೂ ಸಮನಾಗಿ ಬೆಳಗುತ್ತವೆ. ಒಂದು ಮಂಕಾಗಿದ್ದರೆ ಜಾಗ ಅದಲುಬದಲು ಮಾಡಿಸಿ: ಮಂಕು ಬಲ್ಬಿನ ಜೊತೆಗೇ ಹೋದರೆ ಬಲ್ಬುಗಳ ರೇಟಿಂಗ್ ಬೇರೆ. ಎಲ್‌ಇಡಿಯನ್ನು ವಾಹಕ–ಅವಾಹಕ ಪರೀಕ್ಷೆಗೆ ಉಳಿಸಿ. ಉಪ್ಪುನೀರಿನ ಅತ್ಯಲ್ಪ ಕರೆಂಟಿಗೂ ಅದು ಮಿನುಗುತ್ತದೆ, ಬಲ್ಬ್ ಮಿನುಗದು.