ಕೊಟೇಶನ್ ಮೇಲ್ ಹೋಲಿಸಲು ಗೂಗಲ್ ಶೀಟ್ಸ್: ಮೂರು ವರ್ಷ ಬಳಸಿದ ಮೇಲೆ

ನಾನು ಪೀಣ್ಯದ ಒಂದು ಸಣ್ಣ ಶೀಟ್ ಮೆಟಲ್ ಘಟಕದಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. ಪ್ಯಾನೆಲ್ ಡಬ್ಬ, ಬ್ರಾಕೆಟ್, ಕವರ್ ಇಂಥವು ನಮ್ಮ ಕೆಲಸ. ತಿಂಗಳಿಗೆ ಹತ್ತು ಹದಿನೈದು ಸಲ ಕೊಟೇಶನ್ ಕೇಳುತ್ತೇನೆ, ಒಂದೊಂದಕ್ಕೂ ಮೂರು ನಾಲ್ಕು ಮೇಲ್ ಬರುತ್ತವೆ. ಮೊದಲು ಎಲ್ಲ ಪ್ರಿಂಟ್ ಹಾಕಿ, ಮೇಜಿನ ಮೇಲೆ ಹರಡಿ, ಪೆನ್ನಲ್ಲಿ ಸುತ್ತು ಹಾಕುತ್ತಿದ್ದೆ. ಈಗ ಮೂರು ವರ್ಷದಿಂದ ಒಂದೇ ಗೂಗಲ್ ಶೀಟ್. ಹೇಗಿದೆ ಅಂತ ಕೇಳುವವರಿಗೆ ಒಂದು ಮಾತು: ಮೇಲ್‌ನಿಂದ ರೇಟು ಎತ್ತಿಕೊಳ್ಳುವುದು ಸುಲಭ. ಎತ್ತಿದ ಮೂರು ರೇಟುಗಳು ಒಂದೇ ವಸ್ತುವಿನ ರೇಟು ಆಗಿರುವಂತೆ ಮಾಡುವುದು ಕಷ್ಟ. ಶೀಟ್ಸ್ ಮೊದಲನೆಯದನ್ನು ಮಾಡಿಕೊಡುತ್ತದೆ, ಎರಡನೆಯದು ನಮ್ಮ ತಲೆಯ ಕೆಲಸ.

ಕಳೆದ ಖರೀದಿಯನ್ನೇ ತಗೊಳ್ಳಿ. 1.2 ಎಂಎಂ ಸಿಆರ್ ಶೀಟು, 1250 x 2500 ಅಳತೆ, 100 ಶೀಟು ಬೇಕಿತ್ತು. ಮೂರು ಕಡೆಯಿಂದ ಉತ್ತರ ಬಂತು. ಮೊದಲನೆಯವರು ಕೆಜಿಗೆ 71 ರೂಪಾಯಿ, ಗೋಡೌನ್‌ನಿಂದ ನೀವೇ ಎತ್ತಿಕೊಳ್ಳಿ, ಜಿಎಸ್‌ಟಿ ಬೇರೆ, ದುಡ್ಡು ಪೂರ್ತಿ ಅಡ್ವಾನ್ಸ್ ಅಂದರು. ಎರಡನೆಯವರು ಒಂದು ಶೀಟಿಗೆ 2,150 ರೂಪಾಯಿ, ಜಿಎಸ್‌ಟಿ ಬೇರೆ, ನಮ್ಮ ಗೇಟಿಗೆ ತಂದು ಹಾಕುತ್ತಾರೆ, 30 ದಿನದ ಸಾಲ. ಮೂರನೆಯವರು ಕೆಜಿಗೆ 84.50, "ಎಲ್ಲ ಸೇರಿ", ಅರ್ಧ ಅಡ್ವಾನ್ಸ್, ಉಳಿದದ್ದು ಮಾಲು ಬಂದಾಗ. ಒಬ್ಬರು ಕೆಜಿ ಲೆಕ್ಕ, ಒಬ್ಬರು ಶೀಟಿನ ಲೆಕ್ಕ, ಒಬ್ಬರು ತೆರಿಗೆ ಸೇರಿಸಿದ ಲೆಕ್ಕ. ಇವನ್ನು ಹಾಗೇ ಒಂದರ ಪಕ್ಕ ಒಂದು ಬರೆದರೆ ಯಾರು ಕಡಿಮೆ ಅಂತ ಏನೂ ತಿಳಿಯುವುದಿಲ್ಲ, ಅಲ್ವಾ?

ಅದಕ್ಕೇ ನನ್ನ ಶೀಟಿನಲ್ಲಿ ಎರಡು ಥರದ ಕಾಲಂ ಇವೆ. ಎಡಗಡೆ ಮೇಲ್‌ನಲ್ಲಿ ಏನು ಬರೆದಿದ್ದಾರೋ ಅದೇ ಅಕ್ಷರ, ಒಂದು ಚುಕ್ಕಿಯನ್ನೂ ತಿದ್ದದೆ. ಬಲಗಡೆ ನಾನು ಲೆಕ್ಕ ಹಾಕಿದ್ದು. ಮೊದಲ ವರ್ಷ ಎಡಗಡೆಯ ಕಾಲಂ ಇಟ್ಟಿರಲಿಲ್ಲ. ಆಮೇಲೆ ಯಜಮಾನರು "ಈ 72 ಎಲ್ಲಿಂದ ಬಂತು?" ಅಂತ ಕೇಳಿದಾಗ ಹಳೇ ಮೇಲ್ ಹುಡುಕಲು ಅರ್ಧ ದಿನ ಹೋಗುತ್ತಿತ್ತು.

ರೇಟು ಎತ್ತಿಕೊಳ್ಳಲು ಒಂದು ಫಾರ್ಮುಲಾ ಬಳಸುತ್ತೇನೆ. B2 ಸೆಲ್‌ನಲ್ಲಿ ಮೇಲ್‌ನ ಪಠ್ಯ ಇರುತ್ತದೆ:

```
=VALUE(SUBSTITUTE(REGEXEXTRACT(B2,"(?i)(?:Rs\.?|INR|₹)\s*([\d,]+(?:\.\d+)?)"),",",""))
```

ರೂಪಾಯಿ ಗುರುತಿನ ಪಕ್ಕದ ಅಂಕಿ ಹಿಡಿದು, ಮಧ್ಯದ ಅಲ್ಪವಿರಾಮ ತೆಗೆದು, ಸಂಖ್ಯೆ ಮಾಡಿ ಕೊಡುತ್ತದೆ. ಹತ್ತಕ್ಕೆ ಏಳೆಂಟು ಮೇಲ್‌ಗೆ ಸಾಕು. ಆದರೆ ಇದು ಮೊದಲು ಸಿಕ್ಕಿದ್ದನ್ನು ಮಾತ್ರ ಹಿಡಿಯುತ್ತದೆ. ಒಂದು ಸಲ ಒಬ್ಬ ಸಪ್ಲೈಯರ್ "ಸರ್, ಹಳೇ ಬಾಕಿ Rs. 48,600 ಯಾವಾಗ?" ಅಂತ ಶುರು ಮಾಡಿ, ಆಮೇಲೆ ರೇಟು ಬರೆದಿದ್ದರು. ನನ್ನ ಟೇಬಲ್‌ನಲ್ಲಿ ಕೆಜಿಗೆ 48,600 ರೂಪಾಯಿ ಕೂತಿತ್ತು. ಅದು ಕಣ್ಣಿಗೆ ಬಿತ್ತು, ಸರಿ ಮಾಡಿದೆ. ಕಣ್ಣಿಗೆ ಬೀಳದ ತಪ್ಪೇ ಜಾಸ್ತಿ ಕಷ್ಟ. "ಕೆಳಗಿನ ರೇಟಿನಲ್ಲಿ 50 ಪೈಸೆ ಕಮ್ಮಿ ಮಾಡ್ತೀವಿ" ಅಂತ ಉತ್ತರ ಬಂದಾಗ ಫಾರ್ಮುಲಾ ಕೆಳಗಿನ ಹಳೇ ರೇಟನ್ನೇ ಎತ್ತುತ್ತದೆ. ಅದು ನೋಡಲು ಸರಿಯಾಗೇ ಕಾಣುತ್ತದೆ. ಹೀಗಾಗಿ ಚೌಕಾಸಿ ಆದ ಮೇಲಿನ ಮೇಲ್‌ಗಳನ್ನು ನಾನು ಕೈಯಲ್ಲೇ ಟೈಪ್ ಮಾಡುತ್ತೇನೆ.

ಇನ್ನೊಂದು ನನ್ನದೇ ದಡ್ಡತನ. ರೇಟು ಸಿಗದಿದ್ದಾಗ ಬರುವ ಎರರ್ ಚೆನ್ನಾಗಿ ಕಾಣುವುದಿಲ್ಲ ಅಂತ IFERROR ಹಾಕಿ ಸೊನ್ನೆ ಬರುವಂತೆ ಮಾಡಿದ್ದೆ. ಕೆಳಗೆ MIN ಹಾಕಿ ಕಡಿಮೆ ರೇಟಿನವರನ್ನು ಹಸಿರು ಮಾಡಿಸಿದ್ದೆ. ರೇಟೇ ಬರೆಯದ ಸಪ್ಲೈಯರ್ ಹಸಿರಾಗಿ ಕೂತರು! ಈಗ ಎರರ್ ಹಾಗೇ ಬಿಡುತ್ತೇನೆ. ಆಗ MIN ಕೂಡ ಎರರ್ ಆಗಿ ನಿಲ್ಲುತ್ತದೆ, ನಾನು ಆ ಮೇಲ್ ತೆರೆದು ನೋಡಲೇಬೇಕಾಗುತ್ತದೆ.

ಪಿಡಿಎಫ್ ಆಗಿ ಬಂದ ಕೊಟೇಶನ್‌ಗೆ ಈ ಯಾವ ಆಟವೂ ನಡೆಯುವುದಿಲ್ಲ. ಸುಮ್ನೆ ನೋಡಿ ಟೈಪ್ ಮಾಡುವುದೇ ಬೇಗ.

ಈಗ ಬಲಗಡೆಯ ಲೆಕ್ಕಕ್ಕೆ ಬರೋಣ. ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ ನಮಗೆ ವಾಪಸ್ ಸಿಗುತ್ತದೆ, ಹಾಗಾಗಿ ಎಲ್ಲರ ರೇಟನ್ನೂ ತೆರಿಗೆ ಬಿಟ್ಟು ಹೋಲಿಸುತ್ತೇನೆ. 84.50 ಅನ್ನು 1.18ರಿಂದ ಭಾಗಿಸಿದರೆ 71.61. ನೋಡಿ, ದುಬಾರಿ ಅನ್ನಿಸಿದವರು ಮೊದಲನೆಯವರ ಹತ್ತಿರಕ್ಕೇ ಬಂದರು. ಮೊದಲನೆಯವರಿಗೆ ಟೆಂಪೋ ಬಾಡಿಗೆ 3,500 ಮತ್ತು ಕೆಜಿಗೆ 30 ಪೈಸೆ ಲೋಡಿಂಗ್ ಸೇರಿಸಿದರೆ 72.49. ದುಡ್ಡು ಯಾವಾಗ ಕೊಡಬೇಕು ಅನ್ನುವುದಕ್ಕೂ ಬೆಲೆ ಇದೆ. ನಾವು ಬ್ಯಾಂಕಿಗೆ ಕಟ್ಟುವ ಬಡ್ಡಿ ತಿಂಗಳಿಗೆ ಹತ್ತಿರ ಹತ್ತಿರ 1 ಪರ್ಸೆಂಟ್. ಎಲ್ಲರನ್ನೂ 30 ದಿನದ ಸಾಲಕ್ಕೆ ಸಮ ಮಾಡಿದರೆ ಮೊದಲನೆಯವರು 73.21, ಮೂರನೆಯವರು 72.53.

ಎರಡನೆಯವರದು ಶೀಟಿನ ಲೆಕ್ಕ. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕೆಜಿ ಅಂತ ಹಿಡಿದರೆ ಆ ಅಳತೆಯ ಶೀಟು 29.44 ಕೆಜಿ. 2,150 ಅನ್ನು ಅದರಿಂದ ಭಾಗಿಸಿದರೆ 73.03. ಮುಗಿಯಿತು ಅಂದುಕೊಂಡೆ. ಸ್ಟೋರ್ಸ್ ನೋಡಿಕೊಳ್ಳುವ ಅಣ್ಣ ಹಿಂದೆ ನಿಂತು ನೋಡಿ ಹೇಳಿದರು, "ಸಾರ್, ಅದು 1.2 ಅಂತ ಬರೆದಿರ್ತಾರೆ. ಮೈಕ್ರೋಮೀಟರ್ ಹಿಡಿದ್ರೆ ಒಂದೊಂದ್ಸಲ 1.15 ಬರುತ್ತೆ."

ಅದನ್ನೂ ಲೆಕ್ಕ ಹಾಕಿದೆ. 1.15 ಎಂಎಂ ಆದರೆ ಶೀಟಿನ ತೂಕ 28.21 ಕೆಜಿಗೆ ಇಳಿಯುತ್ತದೆ. ಶೀಟಿಗೆ ಕೊಡುವ 2,150 ಮಾತ್ರ ಇಳಿಯುವುದಿಲ್ಲ. ಕೆಜಿಗೆ 76.21 ಆಗುತ್ತದೆ! ಅಂದರೆ ಮಿಲಿಮೀಟರಿನ ನೂರರಲ್ಲಿ ಐದು ಭಾಗ ತೆಳುವಾದರೆ ಮೂರು ರೂಪಾಯಿಗಿಂತ ಜಾಸ್ತಿ ವ್ಯತ್ಯಾಸ. ಮೂವರ ನಡುವೆ ಇದ್ದ ಅಂತರ ಒಂದು ರೂಪಾಯಿಯೂ ಇರಲಿಲ್ಲ. ಕೆಜಿ ಲೆಕ್ಕದಲ್ಲಿ ತಗೊಂಡರೆ ತೆಳುವಾದ ಶೀಟಿಗೆ ಕಡಿಮೆ ದುಡ್ಡು ಹೋಗುತ್ತದೆ, ಶೀಟಿನ ಲೆಕ್ಕದಲ್ಲಿ ಆ ಉಳಿತಾಯ ಅವರಿಗೇ. ಅವತ್ತಿನಿಂದ ನನ್ನ ಟೇಬಲ್‌ನಲ್ಲಿ "ಯಾವ ತೂಕಕ್ಕೆ ಬಿಲ್" ಅಂತ ಒಂದು ಕಾಲಂ ಸೇರಿದೆ. ಅವರಿಗೆ ಮೇಲ್ ಹಾಕಿದೆ: ನಮ್ಮ ಕಡೆಯ ವೇ ಬ್ರಿಡ್ಜ್ ತೂಕಕ್ಕೆ ಕೆಜಿ ರೇಟು ಕೊಡಿ. 73 ರೂಪಾಯಿ ಅಂತ ಉತ್ತರ ಬಂತು.

ಇನ್ನು ಡೆಲಿವರಿ. ಟೇಬಲ್‌ನಲ್ಲಿ ಜಾಸ್ತಿ ಮೋಸ ಹೋಗುವ ಜಾಗ ಇದೇ. ಶುರುವಿನಲ್ಲಿ ಒಂದೇ ಕಾಲಂನಲ್ಲಿ 7-10 ಅಂತ ಟೈಪ್ ಮಾಡುತ್ತಿದ್ದೆ. ಶೀಟ್ಸ್ ಅದನ್ನು ತಾರೀಕು ಅಂದುಕೊಳ್ಳುತ್ತದೆ, ನಮ್ಮ ಸೆಟ್ಟಿಂಗ್‌ನಲ್ಲಿ ಅಕ್ಟೋಬರ್ 7. ನೋಡಲು 7-10 ಥರವೇ ಇರುತ್ತದೆ, ಒಳಗೆ ಮಾತ್ರ 45,937 ಅನ್ನುವ ಸಂಖ್ಯೆ (2025ರ ಆ ದಿನಕ್ಕೆ). ಆರ್ಡರ್ ತಾರೀಕಿಗೆ ಅದನ್ನು ಕೂಡಿಸಿದಾಗ ಮಾಲು ನೂರಿಪ್ಪತ್ತೈದು ವರ್ಷ ಆದಮೇಲೆ ಬರುತ್ತದೆ ಅಂತ ತೋರಿಸಿತು. ಈಗ ಕಡಿಮೆ ದಿನ, ಜಾಸ್ತಿ ದಿನ ಅಂತ ಎರಡು ಕಾಲಂ. ಲೆಕ್ಕಕ್ಕೆ ಯಾವಾಗಲೂ ಜಾಸ್ತಿ ದಿನವನ್ನೇ ಹಿಡಿಯುತ್ತೇನೆ.

ಮೂರನೇ ಕಾಲಂ ಇನ್ನೂ ಮುಖ್ಯ: ದಿನದ ಎಣಿಕೆ ಯಾವಾಗಿಂದ ಶುರು? ಪಿಓ ಕೊಟ್ಟ ದಿನದಿಂದಲೋ, ಅಡ್ವಾನ್ಸ್ ಅಕೌಂಟಿಗೆ ಬಿದ್ದ ದಿನದಿಂದಲೋ? ನಮ್ಮಲ್ಲಿ ಪೇಮೆಂಟ್ ವಾರಕ್ಕೆ ಒಂದೇ ದಿನ, ಶುಕ್ರವಾರ. ಸೋಮವಾರ ಪಿಓ ಕೊಟ್ಟರೂ ಅಡ್ವಾನ್ಸ್ ಹೋಗುವುದು ಶುಕ್ರವಾರವೇ, ನಾಲ್ಕು ದಿನ ಅಲ್ಲೇ ಹೋಯಿತು. ಕೆಲಸದ ದಿನವೋ ಕ್ಯಾಲೆಂಡರ್ ದಿನವೋ ಅಂತಲೂ ಕೇಳಬೇಕು. ನಮಗೆ ಆ ಶೀಟು 12 ದಿನದೊಳಗೆ ಬೇಕಿತ್ತು. ಎಲ್ಲರಿಗಿಂತ ಅಗ್ಗವಾಗಿದ್ದ ಮೂರನೆಯವರು ಎರಡು ಮೂರು ವಾರ ಅಂದಿದ್ದರು, ಅದೂ ಅಡ್ವಾನ್ಸ್ ಬಂದ ಮೇಲೆ. ಅವರನ್ನು ಅಲ್ಲೇ ಕೈಬಿಟ್ಟೆವು. ಎರಡನೆಯವರು ಪಿಓ ದಿನದಿಂದ 7ರಿಂದ 10 ಕ್ಯಾಲೆಂಡರ್ ದಿನ ಅಂತ ಬರೆದು ಕೊಟ್ಟರು. ಮೊದಲನೆಯವರ ಹತ್ತಿರ ಸ್ಟಾಕ್ ಇತ್ತು, ಆದರೆ ಎರಡು ಲಕ್ಷಕ್ಕಿಂತ ಜಾಸ್ತಿ ಅಡ್ವಾನ್ಸ್ ಆ ವಾರ ನಮ್ಮ ಹತ್ತಿರ ಇರಲಿಲ್ಲ. 21 ಪೈಸೆ ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ದುಡ್ಡಿನ ಕೈಬಿಗಿಯೇ ನಿರ್ಧಾರ ಮಾಡಿತು.

ಯಾರಿಗೆ ಸರಿಹೋಗುತ್ತದೆ ಅಂತ ಕೇಳಿದರೆ, ಒಂದು ಸಲಕ್ಕೆ ಐದಾರು ಐಟಂ, ನಾಲ್ಕೈದು ಸಪ್ಲೈಯರ್ ಇರುವವರಿಗೆ ಧಾರಾಳವಾಗಿ ಸಾಕು. ದುಡ್ಡು ಕೊಡಬೇಕಿಲ್ಲ, ಯಜಮಾನರು ಮೊಬೈಲ್‌ನಲ್ಲೇ ನೋಡಿ ಕಮೆಂಟ್ ಹಾಕುತ್ತಾರೆ, ಯಾರು ಯಾವ ಸೆಲ್ ತಿದ್ದಿದರು ಅಂತ ಎಡಿಟ್ ಹಿಸ್ಟರಿಯಲ್ಲಿ ಸಿಗುತ್ತದೆ. ಐವತ್ತು ಐಟಂನ ಪಟ್ಟಿಗೆ ಇದನ್ನು ಹಚ್ಚಲು ಹೋಗಿ ಒಂದು ಸಲ ಸೋತಿದ್ದೇನೆ. ಪ್ರತಿಯೊಬ್ಬ ಸಪ್ಲೈಯರೂ ಐಟಂಗಳನ್ನು ತಮ್ಮದೇ ಹೆಸರಲ್ಲಿ, ತಮ್ಮದೇ ಸಾಲಿನಲ್ಲಿ ಬರೆದಿದ್ದರು. ಅಂಥ ಕಡೆ ಈಗ ಖಾಲಿ ರೇಟಿನ ಪಟ್ಟಿಯನ್ನು ನಾನೇ ಕಳಿಸಿ, ಇದರಲ್ಲೇ ತುಂಬಿ ಕೊಡಿ ಅನ್ನುತ್ತೇನೆ. ಅರ್ಧ ಜನ ತುಂಬುತ್ತಾರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಆ ಶೀಟು ಒಂಬತ್ತನೇ ದಿನ ಬಂತು. ವೇ ಬ್ರಿಡ್ಜ್ ತೂಕ 2,916 ಕೆಜಿ, ಲೆಕ್ಕದ ತೂಕಕ್ಕಿಂತ 28 ಕೆಜಿ ಕಡಿಮೆ. ಬಿಲ್ 2,12,868 ರೂಪಾಯಿ, ಜಿಎಸ್‌ಟಿ ಬೇರೆ. ಶೀಟಿನ ಲೆಕ್ಕದಲ್ಲೇ ಒಪ್ಪಿಕೊಂಡಿದ್ದರೆ 2,15,000 ಆಗುತ್ತಿತ್ತು. ಸ್ಟೋರ್ಸ್ ಅಣ್ಣ ತೂಕದ ಚೀಟಿಯನ್ನು ನನ್ನ ಮೇಜಿನ ಮೇಲೆ ಇಟ್ಟು, "ಇದನ್ನೂ ಹಾಕೊಳ್ಳಿ ಸಾರ್ ನಿಮ್ ಟೇಬಲ್‌ಗೆ" ಅಂದರು. ಕೊನೆಯಲ್ಲಿ ಈಗ "ಬಂದ ತೂಕ" ಅನ್ನುವ ಕಾಲಂ ಇದೆ.